ತವನಪ್ಪನ ಕನ್ನಡಕವೂ ಚಿಕ್ಕೋಡಿಯ ಮಿಕ್ಸರ್ ಯುದ್ಧವೂ

ಚಿಕ್ಕೋಡಿಯ ತವನಪ್ಪ ಕನ್ನಡಕ ತೆಗೆದನೆಂದರೆ ಐದು ತಾಲೂಕುಗಳ ಗಾಳಿ ಒಂದು ಗಳಿಗೆ ಬೀಸುವುದನ್ನು ಮರೆಯುತ್ತಿತ್ತು. ಮೊದಲು ಬಲಗಿವಿಯ ಕಡ್ಡಿ, ಆಮೇಲೆ ಎಡಗಿವಿಯದು. ಆಮೇಲೆ ಎರಡನ್ನೂ ಮಡಚಿ, ಕರವಸ್ತ್ರದಲ್ಲಿ ಸುತ್ತಿ, ಅಂಗಿಯೊಳಗಿನ ಬನಿಯನ್ನಿನ ಕಿಸೆಗೆ ಇಳಿಸುತ್ತಿದ್ದ. ಅದಾದ ಮೇಲೆಯೇ ಕೈಯಲ್ಲಿದ್ದ ಕಾಗದದ ಸಾಲನ್ನು ಓದುತ್ತಿದ್ದ. ಕನ್ನಡಕವಿಲ್ಲದೆ ಅವನಿಗೆ ಕಾಗದ ಕಾಣುತ್ತಿರಲಿಲ್ಲ, ಸಾಲು ಬಾಯಿಪಾಠವಾಗಿರುತ್ತಿತ್ತು. ಆದರೂ ಕಾಗದವನ್ನು ಮುಖದ ಮುಂದೆ ಹಿಡಿದೇ ಓದುತ್ತಿದ್ದ.

ಈ ಕ್ರಿಯೆಗೆ ನಿಪ್ಪಾಣಿಯ ತಂಬಾಕು ಗೋದಾಮಿನವರು ಕೊಡುವ ಅರ್ಥವೇ ಬೇರೆ: ಬರಿಗಣ್ಣಿಂದ ನೋಡಿದರೆ ತವನಪ್ಪನಿಗೆ ಗಿರಾಕಿಯ ಕಿಸೆಯ ಆಚೆಗೆ ಎದೆಯೊಳಗಿನ ಮಾತು ಕಾಣುತ್ತದೆ. ಅಥಣಿಯಲ್ಲಿ ಇನ್ನೊಂದು ಕತೆಯಿದೆ, ಒಮ್ಮೆ ಅವನ ಬರಿಗಣ್ಣಿನ ನೋಟ ತಗುಲಿ ಒಂದು ಹೊಚ್ಚ ಹೊಸ ಫ್ರಿಜ್ಜು ತಂತಾನೇ ಮಾರಾಟವಾಯಿತಂತೆ. ಕಾಗವಾಡ ಅವನ ಹುಟ್ಟೂರು. ಅಲ್ಲಿಯವರು ಮಾತ್ರ, ಇದು ಹುಟ್ಟಿನಿಂದ ಬಂದದ್ದು, ಕಲಿತರೆ ಬರುವಂಥದ್ದಲ್ಲ ಎಂದು ಬಾಯಿ ಮುಚ್ಚಿಸುತ್ತಾರೆ.

ಇಂಥ ಮಹಿಮಾಪುರುಷನ ಉದ್ಯೋಗವೇನೆಂದರೆ, ಜಾಹೀರಾತು ಓದುವುದು. ಓಜಲ್ ಎಂಬ ಕಂಪನಿಯ ಮಿಕ್ಸರ್, ಫ್ರಿಜ್ಜು, ಬಟ್ಟೆ ತೊಳೆಯುವ ಯಂತ್ರಗಳನ್ನು ಈ ಭಾಗಕ್ಕೆಲ್ಲ ಹಂಚುವವರು ಚಿಕ್ಕೋಡಿಯ ಕಾಕಾಸಾಹೇಬರು. ಅವರ ಅಂಗಡಿಯಲ್ಲಿ ತವನಪ್ಪ ಹದಿನಾಲ್ಕು ವರ್ಷದಿಂದ ಇದ್ದಾನೆ. ಕಂಪನಿಯವರು ಬೆಂಗಳೂರಿನಲ್ಲಿ ಮೊದಲು ಇಂಗ್ಲಿಷಿನಲ್ಲಿ ಒಂದು ಸಾಲು ಹೆರುತ್ತಾರೆ. ಅಲ್ಲಿಯೇ ಅದಕ್ಕೆ ಕನ್ನಡದ ಅಂಗಿ ತೊಡಿಸುತ್ತಾರೆ. ಆ ಕೂಸನ್ನು ಐದೂ ತಾಲೂಕುಗಳಿಗೆ ಒಯ್ದು, ಊರಿಗೆ ಹತ್ತು ಜನರ ಮುಂದೆ ಓದಿ, ಕಾಗದ ಮಡಚಿ, "ಈಗ ನಾ ಏನು ಹೇಳಿದೆ, ನಿಮ್ಮ ಮಾತಿನ್ಯಾಗ ಹೇಳ್ರಿ" ಎಂದು ಕೇಳುವುದು ತವನಪ್ಪನ ಕೆಲಸ. ಜನ ತಿರುಗಿ ಹೇಳಿದ್ದನ್ನು ಅವನು ಇದ್ದಂತೆಯೇ ಬರೆದುಕೊಳ್ಳುತ್ತಿದ್ದ. ಕಂಪನಿ ಹೇಳಿದ್ದೂ ಜನ ತಿರುಗಿ ಹೇಳಿದ್ದೂ ಒಂದೇ ಆದರೆ ಸಾಲು ಪಾಸು. ಇಲ್ಲವಾದರೆ ಸಾಲಿಗೆ ಅಲ್ಲಿಯೇ ಮಣ್ಣು.

ಹೆಚ್ಚಿನವರು ಬಾಯಿಂದ ಉತ್ತರ ಕೊಡುತ್ತಿದ್ದರು. ಉಳಿದವರು ಕೈಗೆ ಸಿಕ್ಕಿದ್ದರಿಂದ.

ತವನಪ್ಪ ಜೈನ. ಹೊತ್ತು ಮುಳುಗುವ ಮೊದಲು ಊಟ ಮುಗಿಸುವವನು, ಇರುವೆ ಸಾಲು ಕಂಡರೆ ಬೈಕು ಇಳಿದು ತಳ್ಳಿಕೊಂಡು ದಾಟುವವನು. ಆದರೆ ಅಹಿಂಸೆಯ ಇಷ್ಟು ದೊಡ್ಡ ಭಕ್ತನ ಮೈಮೇಲೆ ಹಿಂಸೆ ಇಷ್ಟು ಅಕ್ಕರೆಯಿಂದ ನೆಲೆಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಎಡಮೊಣಕೈ ಮೇಲಿನ ಗುರುತು ಕೊಕಟನೂರದ್ದು. "ಓಜಲ್ ಫ್ರಿಜ್ಜಿನಲ್ಲಿ ಅಡುಗೆ ಏಳು ದಿನ ತಾಜಾ" ಎಂದು ಅಲ್ಲಿ ಒಬ್ಬ ಮುದುಕಿಯ ಕಟ್ಟೆಯ ಮೇಲೆ ಕುಳಿತು ಓದಿದ. ತಿಳಿದದ್ದೇನು ಎಂದು ಕೇಳಿದ. "ಬೀಗರು ಬಂದ್ರ ಏಳು ದಿನದ ತಂಗಳ ತಿನ್ನಸ್ತಾಳ ಅಂತ ನನಗ ಊರಾಗ ಹೆಸರು ತರಾಕ ಬಂದಿ ಏನೋ ಭಾಡ್ಯಾ!" ಎಂದು ಮುದುಕಿ ಒಲೆಯ ಕೊಳ್ಳಿಯನ್ನೇ ಎತ್ತಿಕೊಂಡಳು. ಮೊಣಕೈ ಸುಟ್ಟಿತು, ಆದರೆ ಸಾಲು ಸಿಕ್ಕಿತು. "ಈ ಸಂತೆಯ ಕಾಯಿಪಲ್ಲೆ ಮುಂದಿನ ಸಂತೆಯ ತನಕ" ಎಂದು ತವನಪ್ಪ ಬರೆದು ಕಳಿಸಿದ. ಅಡುಗೆಯ ಮಾತೇ ಇಲ್ಲ, ದಿನದ ಲೆಕ್ಕವೂ ಇಲ್ಲ. ಆ ವರ್ಷ ಬೇಸಿಗೆಯಲ್ಲಿ ಕಾಕಾಸಾಹೇಬರ ಗೋದಾಮಿನಲ್ಲಿ ಒಂದು ಫ್ರಿಜ್ಜೂ ಉಳಿಯಲಿಲ್ಲ.

ಬೆನ್ನ ಮೇಲಿನ ಬರೆ ರಾಯಬಾಗದ್ದು. "ಇನ್ನು ಬಟ್ಟೆ ಒಗೆಯುವುದು ನಿಮ್ಮ ಗಂಡನಿಗೂ ಸುಲಭ" ಎಂಬ ಸಾಲನ್ನು ಅವನು ಬಸ್ ನಿಲ್ದಾಣದಲ್ಲಿ ನಾಲ್ವರು ಗಂಡಂದಿರ ನಡುವೆ ಓದಿದ್ದ. ಅಲ್ಲಿ ಹಗ್ಗ ಮಾರುವ ಅಂಗಡಿಯೂ ಇತ್ತು, ವಿವರ ಬೇಡ.

ಇಷ್ಟು ಪೆಟ್ಟುಗಳಿಂದ ಅವನು ಕಲಿತ ಶಾಸ್ತ್ರ ಸಣ್ಣದು. ಮಿಕ್ಸರ್, ಮೋಟಾರು, ವಾರಂಟಿ ಎಂಬವು ನಮ್ಮ ಮನೆಯ ಮಾತುಗಳೇ ಆಗಿವೆ, ಅವನ್ನು ಮುಟ್ಟಬಾರದು. ಡಬ್ಬಿಯ ಮುಂದಿನ ಮೈಮೇಲೆ ಇಂಗ್ಲಿಷ್ ದೊಡ್ಡದಾಗಿ ಇರಲೇಬೇಕು, ಅದು ನೆರೆಮನೆಯವರು ನೋಡಲಿಕ್ಕೆ. ಹಿಂದಿನ ಮೈಮೇಲೆ ಕನ್ನಡ ಇರಬೇಕು, ಅದು ಮನೆಯವರು ಓದಲಿಕ್ಕೆ. ನಿಪ್ಪಾಣಿಯ ಹುಡುಗಿಯೊಬ್ಬಳು ಇಂಗ್ಲಿಷ್ ಇಲ್ಲದ ಡಬ್ಬಿಯನ್ನು, "ಇದೇನು ಡೂಪ್ಲಿಕೇಟ್ ಏನ್ರಿ ಕಾಕಾ?" ಎಂದು ಅವನ ಪಾದದ ಮೇಲೆ ಕೆಡವಿದಾಗ ಈ ಜ್ಞಾನ ಅವನಿಗೆ ಹೆಬ್ಬೆರಳಿನ ಮೂಲಕ ಪ್ರಾಪ್ತವಾಯಿತು.

ಹೀಗೆ ಏಟು ತಿನ್ನುತ್ತ ಸುಖವಾಗಿದ್ದ ತವನಪ್ಪನ ಬದುಕಿಗೆ ಹೋದ ವರ್ಷ ಬೆಂಗಳೂರಿನಿಂದ ನಿತಿನ ಬಂದ. ಕಂಪನಿಯ ಮಾರ್ಕೆಟಿಂಗ್ ಮ್ಯಾನೇಜರು, ಮೂವತ್ತರ ಒಳಗಿನವನು. ಮಾತಾಡುವಾಗ ಅವನ ಕೈಯೆರಡೂ ಗಾಳಿಯಲ್ಲಿ ಚೌಕ ಬರೆಯುತ್ತಿದ್ದವು. ಅವನ ಜೊತೆಗೆ ಬಂದದ್ದು ಮಿಕ್ಸರ್ ಬದಲಿಸುವ ಆಫರು. ಹಳೆಯದನ್ನು ತಂದವರಿಗೆ ಹೊಸದು ಅರ್ಧ ಬೆಲೆಗೆ.

ಆಫರಿನ ಇಂಗ್ಲಿಷ್ ಮೆಸೇಜು ಚೆನ್ನಾಗಿಯೇ ಇತ್ತು. ಹಳೆಯದನ್ನು ಬಿಸಾಡಿ, ಹೊಸದನ್ನು ಪ್ರೀತಿಸಿ. ಹಳೆಯ ಮಿಕ್ಸರಿನ ಮೋಟಾರು ಮಾತ್ರ ತನ್ನಿ, ಜಾರುಗಳನ್ನು ನೀವೇ ಇಟ್ಟುಕೊಳ್ಳಿ. ಇಷ್ಟೆಲ್ಲವೂ ಒಂದೇ ಮೆಸೇಜಿನಲ್ಲಿ ಕಾಲು ಚಾಚಿ ಮಲಗಿತ್ತು, ಯಾಕೆಂದರೆ ಮೊಬೈಲಿನ ಒಂದು ಮೆಸೇಜಿನಲ್ಲಿ ಇಂಗ್ಲಿಷಿಗೆ ನೂರಾ ಅರವತ್ತು ಅಕ್ಷರದ ಜಾಗವಿದೆ. ಕನ್ನಡಕ್ಕೆ ಇರುವುದು ಎಪ್ಪತ್ತು. ಅದರಲ್ಲೂ ಕೊಂಬು, ಗುಡಿಸು, ಏತ್ವ, ಒತ್ತು ಎಲ್ಲವೂ ಬೇರೆ ಬೇರೆ ತಲೆಗಳಾಗಿ ಎಣಿಕೆಗೆ ನಿಲ್ಲುತ್ತವೆ. ಎಪ್ಪತ್ತು ದಾಟಿದರೆ ಎರಡು ಮೆಸೇಜಿನ ಖರ್ಚು. ಬೆಂಗಳೂರಿನವರು ಕತ್ತರಿ ತೆಗೆದುಕೊಂಡು ಕೂತರು. ಕೈಕಾಲು ಕಡಿದು ಉಳಿದ ಮುಂಡ ಹೀಗಿತ್ತು: "ಹಳೆಯ ಮಿಕ್ಸರ್ ತನ್ನಿ, ಬಿಸಾಡಿ! ಹೊಸ ಓಜಲ್ ಅರ್ಧ ಬೆಲೆಗೆ. ಚಿಕ್ಕೋಡಿ".

ಜಾರು ಮಾಯವಾಗಿತ್ತು.

ತವನಪ್ಪ ಮುಂಡವನ್ನು ಎತ್ತಿಕೊಂಡು ಕೃಷ್ಣಾ ನದಿಯ ಹತ್ತಿರದ ದಿಗ್ಗೇವಾಡಿಗೆ ಹೋದ. ಅಲ್ಲಿ ಚನ್ನವ್ವ ಎಂಬುವಳ ಪಡಸಾಲೆಯಲ್ಲಿ ಆರೇಳು ಹೆಂಗಸರು ಕೂತಿದ್ದರು. ಚನ್ನವ್ವನಿಗೆ ಐದೆಕರೆ ಕಬ್ಬು, ಒಬ್ಬ ಗಂಡ, ಊರಲ್ಲೆಲ್ಲ ದೊಡ್ಡ ದನಿ. ತವನಪ್ಪ ಕನ್ನಡಕ ತೆಗೆದ, ಸುತ್ತಿದ, ಇಳಿಸಿದ, ಓದಿದ.

"ಏನು ತಿಳೀತ್ರಿ ಅಕ್ಕಾರ?"

ಚನ್ನವ್ವ ಎದ್ದು ಒಳಗೆ ಹೋಗಿ ತನ್ನ ಮಿಕ್ಸರಿನ ಸ್ಟೀಲ್ ಜಾರು ತಂದಳು. ಅದರ ಹೊಟ್ಟೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರಗಳಿದ್ದವು: ಚಿ. ಸೌ. ಚನ್ನವ್ವಗ ತಮ್ಮ ಮಲ್ಲೇಶನಿಂದ ಪ್ರೀತಿಯ ಆಹೇರ.

"ಓದು," ಎಂದಳು.

"ಕಾಣಂಗಿಲ್ರಿ."

"ಕಾಣಂಗ ಮಾಡ್ತೀನಿ ತಡಿ," ಎಂದವಳೇ ಅದೇ ಜಾರಿನಿಂದ ಹಣೆಗೆ ಕೊಟ್ಟಳು. "ಹತ್ತೊಂಬತ್ತು ವರ್ಷಾತು ಲಗ್ನಾಗಿ. ನನ್ನ ತಮ್ಮ ಸಾಲಿ ಬಿಟ್ಟು ಕಬ್ಬು ಕಡ್ಯಾಕ ಹೋಗಿ, ಮೊದಲನೇ ಪಗಾರದಾಗ ತಂದದ್ದಿದು. ಇದನ್ನ ನಿನ್ನ ತಿಪ್ಪ್ಯಾಗ ಒಗೀಬೇಕು ಅಂತ ನನಗ ತಿಳೀತು. ಬರಕೋ!"

ತವನಪ್ಪ ನೆಲದ ಮೇಲೆ ಕೂತೇ ಬರೆದುಕೊಂಡ. ಉಳಿದ ಹೆಂಗಸರೂ ತಮ್ಮ ತಮ್ಮ ಅಭಿಪ್ರಾಯವನ್ನು ಮುಚ್ಚಳ, ಸೌಟು, ಒಂದು ಲಟ್ಟಣಿಗೆಯ ಮೂಲಕ ತಿಳಿಸಿದರು. ಅಕ್ಕೋಳ, ಅಥಣಿ, ಕಾಗವಾಡಗಳಲ್ಲೂ ಉತ್ತರ ಒಂದೇ ಬಂತು, ಸಾಮಾನು ಮಾತ್ರ ಬೇರೆ. ಮದುವೆಯಲ್ಲಿ ಆಹೇರ, ಅಂದರೆ ಉಡುಗೊರೆ, ಕೊಟ್ಟ ಪಾತ್ರೆಗೆಲ್ಲ ಕೊಟ್ಟವರ ಹೆಸರು ಹಾಕಿಸುವುದು ಈ ಕಡೆಯ ಪದ್ಧತಿ. ಮೋಟಾರು ಸುಟ್ಟರೆ ಸುಡಲಿ, ಜಾರು ಎಂದರೆ ತವರುಮನೆ.

ಹಣೆಯ ಮೇಲೆ ಬದನೆಕಾಯಿಯಷ್ಟು ಗಂಟು ಹೊತ್ತು ತವನಪ್ಪ ಚಿಕ್ಕೋಡಿಗೆ ಮರಳಿ ನಿತಿನನ ಮುಂದೆ ನಿಂತ. ಕಾಕಾಸಾಹೇಬರೂ ಇದ್ದರು.

"ಸಾಹೇಬ್ರ, ಜಾರು ನಿಮ್ಮದ ಅನ್ನೋ ಮಾತು ಇಂಗ್ಲಿಷಿನ್ಯಾಗ ಐತಿ, ಕನ್ನಡದಾಗ ಇಲ್ಲ. ಅದನ್ನ ಹಾಕ್ರಿ. ಅಷ್ಟs ಅಲ್ಲ, ಈ ಮೆಸೇಜು ವಾರಂಟಿ ಕಾರ್ಡಿನ ನಂಬರಿಗೆ ಹೋಗ್ತೈತಿ. ಅವೆಲ್ಲಾ ಗಂಡಸರ ನಂಬರು. ಹೇಣ್ತಿ ಮಿಕ್ಸರ್ ಗಂಡ ಎತಗೊಂಡು ಬರ್ತಾನ. ರಕ್ತ ಬೀಳ್ತೈತ್ರಿ."

ನಿತಿನ ಗಾಳಿಯಲ್ಲಿ ಒಂದು ಚೌಕ ಬರೆದ. "ತವನಪ್ಪ ಅವರೇ, ಮೆಸೇಜಿನ ಟೆಂಪ್ಲೇಟ್ ಟೆಲಿಕಾಂನವರ ಹತ್ರ ಅಪ್ರೂವ್ ಆಗಿಬಿಟ್ಟಿದೆ. ಒಂದು ಪದ ಬದಲಾದ್ರೂ ಮತ್ತೆ ರಿಜಿಸ್ಟರ್ ಮಾಡಿಸ್ಬೇಕು, ಮತ್ತೆ ಕಾಯ್ಬೇಕು. ನಿಮ್ಮ ಐವತ್ತು ಜನಕ್ಕೋಸ್ಕರ ಐವತ್ತು ಸಾವಿರ ಜನರ ಕ್ಯಾಂಪೇನ್ ನಿಲ್ಲಿಸೋಕಾಗಲ್ಲ. ಇನ್ನೊಂದು ವಿಷಯ. ಹೀಗೆ ಊರೂರು ಸುತ್ತಿ ಓದೋದು ಈ ಕಾಲಕ್ಕೆ ಬೇಕಾ ಅಂತ ಹೆಡ್ಡಾಫೀಸಲ್ಲಿ ಕೇಳ್ತಿದ್ದಾರೆ. ಈ ಆಫರ್ ನಿಮ್ಮ ಓದಾಟ ಇಲ್ಲದೇ ಓಡಿದ್ರೆ, ನಿಮ್ಮ ಪೋಸ್ಟ್ ಇರಲ್ಲ."

ಕಾಕಾಸಾಹೇಬರು ಫ್ಯಾನು ನೋಡಿದರು. ತವನಪ್ಪ ಗಂಟು ಮುಟ್ಟಿಕೊಂಡ. ಹದಿನಾಲ್ಕು ವರ್ಷ ಪೆಟ್ಟು ತಿಂದ ಕೆಲಸ, ಒಂದೂ ಪೆಟ್ಟಿಲ್ಲದೆ ಹೋಗುವುದರಲ್ಲಿತ್ತು.

ಶುಕ್ರವಾರ ಸಂಜೆ ಮೆಸೇಜು ಹೋಯಿತು. ಶನಿವಾರ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಬಾಗಿಲ ಮುಂದೆ ಗಂಡಂದಿರ ದಂಡು. ಕೆಲವರು ಮಿಕ್ಸರನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟಿದ್ದರು. ಇನ್ನು ಕೆಲವರು ಗೊಬ್ಬರದ ಚೀಲದಲ್ಲಿ. ಎಲ್ಲರ ಮುಖದಲ್ಲೂ ಹೆಂಡತಿಗೆ ಹೇಳದೆ ಒಂದು ಉಪಕಾರ ಮಾಡುತ್ತಿರುವವರ ಕಳ್ಳ ಸಂತೋಷ. ಅಂಗಡಿಯ ಹುಡುಗರು ಮೆಸೇಜಿನಂತೆ ನಡೆದರು. ಮೋಟಾರೂ ಜಾರೂ ಒಟ್ಟಿಗೆ ಇಸಿದುಕೊಂಡು, ಅಂಗಳದಲ್ಲಿ ರಾಶಿ ಹಾಕಿ, ಹೊಸ ಡಬ್ಬಿ ಕೈಗಿಟ್ಟರು. ಹನ್ನೊಂದರ ಹೊತ್ತಿಗೆ ರಾಶಿ ಎದೆಯೆತ್ತರ ಬೆಳೆಯಿತು. ನಿತಿನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡ. ಚನ್ನವ್ವನ ಗಂಡ ಭರತನೂ ಡಬ್ಬಿ ಹೊತ್ತು ನಗುತ್ತ ಚಹಾದಂಗಡಿಗೆ ನಡೆದ.

ತವನಪ್ಪ ಒಂದು ಮೂಲೆಯಲ್ಲಿ ಕೂತು ತನ್ನ ಖಾನೆ ಖಾಲಿ ಮಾಡುತ್ತಿದ್ದ.

ಹನ್ನೆರಡಕ್ಕೆ ಹೆಂಗಸರು ಬಂದರು.

ರಾಯಬಾಗದ ಕಡೆಯಿಂದ ಎರಡು ಟೆಂಪೊ, ಅಕ್ಕೋಳದಿಂದ ಒಂದು ಟ್ರ್ಯಾಕ್ಟರು, ಅಥಣಿ ಬಸ್ಸಿನಿಂದ ಒಂದು ತುಕಡಿ. ಮುಂದಿನ ಟೆಂಪೊದಿಂದ ಚನ್ನವ್ವ ಇಳಿದಳು. ಸೆರಗು ಸೊಂಟಕ್ಕೆ ಬಿಗಿದಿತ್ತು. ಹಿಂದೆ ತಮ್ಮ ಮಲ್ಲೇಶ, ಅವನ ಹಿಂದೆ ಏಳು ಮಂದಿ ದಾಯಾದಿಗಳು. ಚಹಾದಂಗಡಿಯಲ್ಲಿ ಬಸಿಯೊಳಗಿನ ಚಹಾ ಊದುತ್ತಿದ್ದ ಭರತ ಹೆಂಡತಿಯನ್ನು ಕಂಡು, "ಅಗಾ, ನಿನಗs ತಂದೀನಿ, ಹೊಸಾದು..." ಎನ್ನುವಷ್ಟರಲ್ಲಿ ಡಬ್ಬಿಯಿಂದ ಹೊಸ ಜಾರು ಹೊರಬಂದು ಅವನ ಮುಂದಿನ ಹಲ್ಲಿಗೆ ತನ್ನ ಮೊದಲ ಸೇವೆ ಸಲ್ಲಿಸಿತು. ಓಜಲ್ ಜಾರಿನ ಸ್ಟೀಲು ಗಟ್ಟಿ ಎಂದು ಕಂಪನಿ ಹೇಳಿದ್ದು ಸುಳ್ಳಲ್ಲ.

ಮುಂದಿನದನ್ನು ಹೇಳಲು ನನ್ನ ಲೇಖನಿ ಕುಣಿಯುತ್ತದೆ. ಗಂಡಂದಿರು ಅಂಗಡಿಯೊಳಗೆ ಓಡಿದರು. ಹೆಂಡತಿಯರು ಬೆನ್ನತ್ತಿದರು. ಭಾವಂದಿರ ಮೇಲೆ ಹಳೆಯ ಸಿಟ್ಟಿದ್ದ ಮೈದುನರು ಇಂಥ ಮುಹೂರ್ತ ಮತ್ತೆ ಬರಲಾರದೆಂದು ಬಾಗಿಲಿಗೆ ಅಡ್ಡ ನಿಂತು ಗುದ್ದತೊಡಗಿದರು. ವಾಯರುಗಳು ಬಾರುಕೋಲಾದವು. ಮುಚ್ಚಳಗಳು ಹಾರಿದವು. ಕಾಕಾಸಾಹೇಬರ ಗಾಜಿನ ಶೋಕೇಸು ಒಂದು ಮೋಟಾರಿನ ಸ್ಪರ್ಶಕ್ಕೆ ಸಾವಿರ ಚೂರಾಗಿ ಸುರಿಯಿತು. ಕಾಕಾಸಾಹೇಬರು ಬಟ್ಟೆ ತೊಳೆಯುವ ಯಂತ್ರದೊಳಗೆ ತಲೆ ಅಡಗಿಸಿದರು. ಅಷ್ಟಕ್ಕೇ ಜಾಗವಿತ್ತು, ಉಳಿದ ಭಾಗಕ್ಕೆ ಲತ್ತೆಗಳು ಬಿದ್ದವು. ಒಬ್ಬನ ಹುಬ್ಬು ಸೀಳಿತು, ಇನ್ನೊಬ್ಬನ ಬೆರಳು ತಿರುಚಿತು. "ಲೇ ಮೈದುನಾ, ಕಣ್ಣಿಗೆ ಹೊಡೀಬ್ಯಾಡೋ!" ಎಂಬ ಆರ್ತನಾದಕ್ಕೆ, "ಹಂಗಾರ ಎಲ್ಲಿ ಬೇಕು ಹೇಳು!" ಎಂಬ ಉದಾರ ಉತ್ತರ ಬಂತು.

ನಿತಿನ ಕೌಂಟರಿನ ಮೇಲೆ ಹತ್ತಿ, "ಮೇಡಂ, ಪ್ಲೀಸ್, ಇದು ನಿಮ್ಮ ಒಳ್ಳೇದಕ್ಕೇ..." ಎಂದು ಗಾಳಿಯಲ್ಲಿ ಚೌಕ ಬರೆದ. ಮಲ್ಲೇಶ ಆ ಕೈಯನ್ನು ಹಿಡಿದು ಎಳೆದ. ಚೌಕದ ಒಂದು ಮೂಲೆ ಟಕ್ ಎಂದಿತು.

"ನನ್ನ ಜಾರ್ ಎಲ್ಲಿ ಐತಿ?" ಚನ್ನವ್ವನ ಕೂಗು ಎಲ್ಲ ಗದ್ದಲದ ಮೇಲೆ ತೇಲಿತು. ಅದು ಅವಳೊಬ್ಬಳ ಕೂಗಲ್ಲ ಎಂದು ತವನಪ್ಪನಿಗೆ ಕೇಳಿಸಿತು. ಹೊಡೆಯುವ ಪ್ರತಿ ಕೈಯ ಹಿಂದೆಯೂ ಅದೇ ಪ್ರಶ್ನೆ. ಅಂಗಳದ ರಾಶಿಯಲ್ಲಿ ಯಾರ ಜಾರು ಯಾವುದೋ ಸಿಗದೆ, ಸಿಗದ್ದಕ್ಕೆ ಸಿಟ್ಟು ಏರಿ, ಏರಿದ್ದಕ್ಕೆ ಇನ್ನೊಂದು ತಲೆ ಒಡೆಯುತ್ತಿತ್ತು.

ಅಂಗಡಿಯ ಕಟ್ಟೆಯ ಕೆಳಗೆ ಪಾತ್ರೆಗೆ ಹೆಸರು ಹಾಕುವ ಇಸ್ಮಾಯಿಲ ತನ್ನ ಕರೆಂಟಿನ ಪೆನ್ನನ್ನು ಎದೆಗೆ ಅವಚಿಕೊಂಡು ಕೂತಿದ್ದ. ಮೂವತ್ತು ವರ್ಷದಿಂದ ಅದೇ ಜಾಗದಲ್ಲಿ ಕೂತು ಕೊರೆಯುವವನು. ತವನಪ್ಪ ಅವನ ರಟ್ಟೆ ಹಿಡಿದು ರಾಶಿಯ ಹತ್ತಿರ ಎಳೆದೊಯ್ದ.

"ಇಸ್ಮಾಯಿಲ ಭಾಯ್, ಇವೆಲ್ಲಾ ನಿನ್ನ ಅಕ್ಷರ. ಓದು."

"ಹುಚ್ಚ ಹಿಡದೈತೇನೋ, ಎದ್ದು ನಿಂತ್ರ ತಲಿ ಹೋಗ್ತೈತಿ."

"ಕೂತs ಓದು. ನಾ ನಿಂತು ಕೂಗ್ತೀನಿ."

ತವನಪ್ಪ ಒಂದು ಮುರಿದ ಸ್ಟೂಲಿನ ಮೇಲೆ ಹತ್ತಿದ. ಕನ್ನಡಕ ತೆಗೆದ. ಬಲಗಿವಿ, ಎಡಗಿವಿ, ಕರವಸ್ತ್ರ, ಬನಿಯನ್ನು. ಅಷ್ಟರಲ್ಲೇ ಒಂದು ಮುಚ್ಚಳ ಬಂದು ಅವನ ದವಡೆಗೆ ಬಡಿಯಿತು, ಇನ್ನೊಂದು ಹಳೆಯ ಗಂಟಿನ ಮೇಲೆಯೇ ಕೂತಿತು. ಅವನು ಕದಲಲಿಲ್ಲ. ಕೆಳಗಿನಿಂದ ಇಸ್ಮಾಯಿಲ ಓದಿದ, ಮೇಲಿನಿಂದ ತವನಪ್ಪ ಕೂಗಿದ:

"ದಾನೇಶ್ವರಿಗೆ ಸ್ವಾದರಮಾವನಿಂದ!"

ಒಬ್ಬಳು ಗಂಡನ ಕೂದಲು ಬಿಟ್ಟು ಓಡಿ ಬಂದು ಜಾರು ಎದೆಗೊತ್ತಿಕೊಂಡಳು.

"ಪ್ರಾಜಕ್ತಾಳಿಗೆ ಕಾಕಾ ಕಾಕಿಯಿಂದ! ಮೆಹೆಕಗೆ ಅಮ್ಮೀಜಾನರಿಂದ!"

ಹೆಸರಿಗೊಂದರಂತೆ ಕೈಗಳು ಹೊಡೆಯುವುದನ್ನು ಬಿಟ್ಟು ಜಾರು ಹಿಡಿದವು. ಸಿಗದವರು ಮಾತ್ರ ಕಾಯುತ್ತ, ಕಾಯುವ ಬೇಸರಕ್ಕೆ ಅಲ್ಲೊಂದು ಇಲ್ಲೊಂದು ಗುದ್ದು ಹಾಕುತ್ತಿದ್ದರು. ಚನ್ನವ್ವನದು ರಾಶಿಯ ತಳದಲ್ಲಿತ್ತು. ಅದನ್ನು ಕೂಗುವಾಗ ತವನಪ್ಪನ ಬಾಯಿಂದ ಹೆಸರಿನ ಜೊತೆ ರಕ್ತವೂ ಬಂತು.

ಅವಳು ಜಾರನ್ನು ತಿರುಗಿಸಿ, ಅಕ್ಷರದ ಮೇಲೆ ಹೆಬ್ಬೆರಳು ಆಡಿಸಿ, ಮತ್ತೆ ಅದನ್ನು ಎತ್ತಿ ಹಿಡಿದಳು. ತವನಪ್ಪನ ತಲೆಗೆ ಸರಿಯಾದ ಎತ್ತರ.

ಆಗ ಅವನು, ಯಾರೂ ಕೇಳದಿದ್ದರೂ, ಇನ್ನೊಂದು ಸಾಲು ಓದಿದ. ಕಾಗದವಿರಲಿಲ್ಲ.

"ಹಳೇ ಜಾರ್ ನಿಮ್ಮದs. ಅದರ ಮ್ಯಾಲಿನ ಹೆಸರು ಹೊಸಾ ಜಾರಿನ ಮ್ಯಾಲೂ ಹಾಕಿ ಕೊಡ್ತೀವಿ, ಪುಕ್ಕಟ. ಏನು ತಿಳೀತ್ರಿ ಅಕ್ಕಾರ?"

ಜಾರು ಗಾಳಿಯಲ್ಲೇ ನಿಂತಿತು. ಅಂಗಡಿಯಲ್ಲಿ ಕೇಳಿಸುತ್ತಿದ್ದುದು ಯಂತ್ರದೊಳಗಿನಿಂದ ಕಾಕಾಸಾಹೇಬರ ನರಳಾಟ ಮಾತ್ರ.

"ಅಂದ್ರ," ಎಂದಳು ಚನ್ನವ್ವ ನಿಧಾನವಾಗಿ, "ಸುಟ್ಟ ಮೋಟಾರು ನಿಮಗ. ನನ್ನ ತಮ್ಮ ನನ್ನ ಕಡೆನs. ಹೊಸಾದರ ಮ್ಯಾಲೂ ನನ್ನ ತಮ್ಮನs."

"ಹೌದ್ರಿ. ಸರಿಯಾಗಿ ತಿಳದೈತಿ."

"ಹಿಂಗ ಮೊದಲs ಹೇಳಾಕ ನಿನಗ ಏನು ಧಾಡಿ ಬಡದಿತ್ತೋ?" ಎಂದು ಜಾರನ್ನು ಇಳಿಸಿದಳು. ಆದರೆ ಎತ್ತಿದ ಕೈ ವ್ಯರ್ಥವಾಗಬಾರದಲ್ಲ, ಪಕ್ಕದಲ್ಲಿದ್ದ ಭರತನಿಗೆ ಒಂದು ಕೊಟ್ಟಳು. ಆಮೇಲೆ ಗಂಡನ ಹಲ್ಲಿಗೆ ಬಡಿದಿದ್ದ ಹೊಸ ಜಾರನ್ನೇ ಇಸ್ಮಾಯಿಲನ ಮುಂದೆ ಕುಕ್ಕಿದಳು. "ಹಾಕು. ಮೊದಲಿನಗಿಂತ ದೊಡ್ಡ ಅಕ್ಷರ."

ಆ ದಿನ ಇಸ್ಮಾಯಿಲನ ಪೆನ್ನು ಸಂಜೆಯ ತನಕ ಝುಂಯ್ ಎನ್ನುತ್ತಲೇ ಇತ್ತು. ಸಾಲಿನಲ್ಲಿ ನಿಂತವರಲ್ಲಿ ಪಟ್ಟಿ ಕಟ್ಟದ ತಲೆ ಕಡಿಮೆ. ಮೋಟಾರುಗಳೆಲ್ಲ ಅಂಗಳದಲ್ಲೇ ಉಳಿದವು, ಜಾರು ಒಂದೂ ಉಳಿಯಲಿಲ್ಲ. ಹೊಸ ಮಿಕ್ಸರು ವಾಪಸು ಕೊಟ್ಟವರು ಇಬ್ಬರೇ, ಅವರೂ ಬಣ್ಣ ಬದಲಿಸಲಿಕ್ಕೆ.

ಮುಂದಿನ ವಾರ ಹೊಸ ಟೆಂಪ್ಲೇಟು ಮಂಜೂರಾಗಿ ಬಂತು. "ಹಳೆ ಜಾರ್ ನಿಮ್ಮದೇ. ಅದರ ಮೇಲಿನ ಹೆಸರು ಹೊಸ ಜಾರ್ ಮೇಲೂ ಉಚಿತ." ನಿತಿನ ಎಣಿಸಿದ, ಕೊಂಬು ದೀರ್ಘ ಸಮೇತ ಐವತ್ತಮೂರು. ಇನ್ನೂ ಹದಿನೇಳು ತಲೆಗಳಿಗೆ ಜಾಗ ಮಿಕ್ಕಿತ್ತು. ಈ ಸಲ ಕನ್ನಡವೇ ಮೂಲ. ಅದಕ್ಕೊಂದು ಇಂಗ್ಲಿಷ್ ಮಾಡಲು ನಿತಿನ ಮೂರು ದಿನ ಒದ್ದಾಡಿದ. ಜಾರಿನ ಮೇಲೆ ತಮ್ಮನ ಹೆಸರು ಯಾಕಿರುತ್ತದೆ ಎಂದು ಹೆಡ್ಡಾಫೀಸಿಗೆ ತಿಳಿಸಲು ಅವನಿಗೆ ಒಂದು ಪುಟವೇ ಬೇಕಾಯಿತು. ಆ ಪುಟದ ಕೊನೆಗೆ, ಊರೂರು ಸುತ್ತಿ ಓದುವ ಪೋಸ್ಟು ಇರಲೇಬೇಕು, ಪ್ರತಿ ಸಾಲೂ ಅಲ್ಲಿ ಪಾಸಾದ ಮೇಲೆಯೇ ಹೊರಡಬೇಕು ಎಂದು ಬರೆದು ಎಡಗೈಯಲ್ಲಿ ಸಹಿ ಹಾಕಿದ. ಬಲಗೈ ಇನ್ನೂ ಜೋಳಿಗೆಯಲ್ಲಿತ್ತು.

ಹೊರಡುವ ಮುನ್ನ ಅವನು ತವನಪ್ಪನ ಪಕ್ಕದಲ್ಲಿ ಕೂತು ಭಕ್ತಿಯಿಂದ ದನಿ ತಗ್ಗಿಸಿದ.

"ತವನಪ್ಪ ಅವರೇ, ಒಂದು ಮಾತು ಕೇಳ್ಲಾ? ನಿಪ್ಪಾಣೀಲೂ ಕೇಳಿದೆ, ಅಥಣೀಲೂ ಕೇಳಿದೆ. ಅವತ್ತು ಸ್ಟೂಲ್ ಮೇಲೆ ನಾನೇ ಕಣ್ಣಾರೆ ನೋಡಿದೆ. ನೀವು ಕನ್ನಡಕ ತೆಗೆದ ತಕ್ಷಣ ನಿಮಗೆ ಜನರ ಮನಸ್ಸು ಕಾಣುತ್ತೆ ಅಲ್ವಾ? ಆ ಹೊತ್ತಲ್ಲಿ ಒಳಗೆ ಏನಾಗುತ್ತೆ? ನಮ್ಮ ಟ್ರೇನಿಂಗಲ್ಲಿ ಹೇಳ್ಬೇಕು ಅಂತಿದೀನಿ. ಯಾಕೆ ತೆಗೀತೀರಿ?"

ತವನಪ್ಪ ಕನ್ನಡಕವನ್ನು ಕರವಸ್ತ್ರದಿಂದ ಒರೆಸಿ, ಮೂಗಿನ ಮೇಲೆ ಏರಿಸಿ, ಅವನನ್ನು ಸ್ಪಷ್ಟವಾಗಿ ನೋಡಿದ.

"ಹೊಡದ್ರ ಗಾಜು ಒಡೀತಾವ್ರಿ."